ನಮ್ಮ ಸಂಜೆ ಏಳೂವರೆ, ಅವರಿಗೆ ಎಷ್ಟು ಗಂಟೆ?

“ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಆರರ ನಂತರ ಯಾವಾಗ ಬೇಕಾದರೂ ಸಿಗುತ್ತೇನೆ, IST.” ಮನೆಯಿಂದಲೇ ಮಾಡುವ ವಿದೇಶಿ ಕೆಲಸಕ್ಕೆ ಅರ್ಜಿ ಹಾಕಿದವರು ಇಂಟರ್‌ವ್ಯೂ ಸಮಯ ಕೇಳಿದಾಗ ಸಾಮಾನ್ಯವಾಗಿ ಹೀಗೇ ಬರೆಯುತ್ತಾರೆ. ಓದಲು ವಿನಯವಾಗಿಯೇ ಇದೆ. ಆದರೆ ಲೆಕ್ಕ ಹಾಕುವ ಕೆಲಸವೆಲ್ಲ ಎದುರಿನವರ ತಲೆಗೆ ಬೀಳುತ್ತದೆ. ಮೇಲಾಗಿ ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ IST ಎಂದೇ ಬರೆಯುತ್ತಾರೆ. ಅಭ್ಯರ್ಥಿ ಇರುವ ಊರು ಎಲ್ಲಿದೆ ಎಂದು ಗೊತ್ತಿಲ್ಲದ ಎಚ್.ಆರ್. ಆ ಮೂರಕ್ಷರದಿಂದ ಏನನ್ನೂ ಖಚಿತ ಮಾಡಿಕೊಳ್ಳಲಾರರು.

ಧಾರವಾಡದಲ್ಲಿ ಕೂತ ಒಬ್ಬ ಸಾಫ್ಟ್‌ವೇರ್ ಟೆಸ್ಟರ್ ಎಂದಿಟ್ಟುಕೊಳ್ಳಿ. ಎಚ್.ಆರ್. ಇರುವುದು ನ್ಯೂಯಾರ್ಕಿನಲ್ಲಿ, ಪ್ರಶ್ನೆ ಕೇಳುವ ಟೀಮ್ ಲೀಡ್ ಬರ್ಲಿನ್‌ನಲ್ಲಿ. 2026ರ ಅಕ್ಟೋಬರ್ ನಡುವೆ ಮೇಲ್ ಬರುತ್ತದೆ: ತಿಂಗಳ ಕೊನೆಗೆ ಅಥವಾ ನವೆಂಬರ್ ಮೊದಲಿಗೆ ಒಂದು ತಾಸಿನ ಇಂಟರ್‌ವ್ಯೂ, ನಿಮಗೆ ಅನುಕೂಲವಾದ ಸಮಯ ಸೂಚಿಸಿ. ಟೆಸ್ಟರ್ ಫೋನ್ ತೆಗೆದು ನೋಡಿದರೆ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ತಾಸು ಹಿಂದೆ, ಬರ್ಲಿನ್ ಮೂರೂವರೆ ತಾಸು ಹಿಂದೆ. ಆ ದಿನಕ್ಕೆ ಅದು ಸರಿ. ಇಂಟರ್‌ವ್ಯೂ ನಡೆಯುವ ದಿನಕ್ಕೆ ಸರಿಯಲ್ಲ.

ನಮ್ಮ ಗಡಿಯಾರ ವರ್ಷವಿಡೀ ಒಂದೇ ಕಡೆ ನಿಂತಿರುತ್ತದೆ. ಲೋಕದ ಗಡಿಯಾರಗಳಿಗೆಲ್ಲ ಆಧಾರವಾದ UTCಗಿಂತ ಐದೂವರೆ ತಾಸು ಮುಂದೆ, ಬೇಸಿಗೆಯಾಗಲಿ ಚಳಿಯಾಗಲಿ. ಯುರೋಪು, ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಮಾಡಿ, ಶರತ್ಕಾಲದಲ್ಲಿ ಹಿಂದಕ್ಕೆ ತರುತ್ತಾರೆ. ಆದರೆ ಹಿಂದಕ್ಕೆ ತರುವ ದಿನ ಇಬ್ಬರದೂ ಒಂದೇ ಅಲ್ಲ. ಯುರೋಪಿನದು ಅಕ್ಟೋಬರಿನ ಕೊನೆಯ ಭಾನುವಾರ. ಆ ವರ್ಷ 25ನೇ ತಾರೀಕು. ಅಮೆರಿಕದ್ದೂ ಮೊದಲು ಅದೇ ದಿನ ಇತ್ತು. 2005ರಲ್ಲಿ ಮಾಡಿದ ಕಾನೂನು 2007ರಲ್ಲಿ ಜಾರಿಗೆ ಬಂದ ಮೇಲೆ ಅದು ನವೆಂಬರಿನ ಮೊದಲ ಭಾನುವಾರಕ್ಕೆ ಸರಿಯಿತು. ಹಾಗಾಗಿ ನಡುವಿನ ಒಂದು ವಾರ ಬರ್ಲಿನ್ ಬದಲಾಗಿರುತ್ತದೆ, ನ್ಯೂಯಾರ್ಕ್ ಬದಲಾಗಿರುವುದಿಲ್ಲ. ಮಾರ್ಚಿನಲ್ಲಿ ಇದರ ತಿರುವು ಮುರುವು: ಅಮೆರಿಕದವರು ಮೊದಲು ಬದಲಿಸುತ್ತಾರೆ, ಯುರೋಪಿನವರು ಎರಡು ಮೂರು ವಾರ ಕಳೆದ ಮೇಲೆ. ಅಭ್ಯರ್ಥಿಗಳು ಖಾಲಿ ಪರದೆಯ ಮುಂದೆ ಒಂದು ತಾಸು ಕಾಯುವ ಪ್ರಸಂಗಗಳಿಗೆ ಈ ವಾರಗಳು ಹೇಳಿ ಮಾಡಿಸಿದಂತಿವೆ.

ಆದ್ದರಿಂದ ಪ್ರತಿ ಸಮಯದ ಪಕ್ಕದಲ್ಲೂ UTCಯಿಂದ ಎಷ್ಟು ಹಿಂದೆ ಮುಂದೆ ಎಂಬುದನ್ನು ಬರೆಯಬೇಕು. ಅದೂ ಮೇಲ್ ಬರೆಯುವ ದಿನದ್ದಲ್ಲ, ಇಂಟರ್‌ವ್ಯೂ ದಿನದ್ದು. ವಿಂಡೋಸ್‌ನ ಸಮಯವಲಯದ ಪಟ್ಟಿ ನೋಡಿ ನಕಲು ಮಾಡುವುದೂ ಅಪಾಯ. ಅಲ್ಲಿ ನ್ಯೂಯಾರ್ಕಿನ ಮುಂದೆ ಜುಲೈ ತಿಂಗಳಲ್ಲೂ -05:00 ಎಂದೇ ಇರುತ್ತದೆ, ಆಗ ಅಲ್ಲಿ ನಿಜವಾಗಿ ನಡೆಯುತ್ತಿರುವುದು -4. EST ಎಂದು ಬರೆಯುವುದರಲ್ಲೂ ಇದೇ ತೊಡಕು. ಅದು ಚಳಿಗಾಲದ ಹೆಸರು, ಬೇಸಿಗೆಯದು EDT. ಅಮೆರಿಕದವರೇ ವರ್ಷವಿಡೀ EST ಎಂದು ಗೀಚುತ್ತಾರೆ, ಆ ಮಾತು ಬೇರೆ. ಊರಿನ ಹೆಸರು ಮತ್ತು ಅಂಕಿ ಎರಡನ್ನೂ ಕೊಟ್ಟರೆ ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ.

ಧಾರವಾಡದ ಟೆಸ್ಟರ್ ಕಳಿಸಬೇಕಾದ ಸಾಲುಗಳು ಹೀಗಿರಲಿ:

```
1. Tue 27 Oct 2026, 13:00-14:00 UTC
   India 18:30 (+5:30) | Berlin 14:00 (+1) | New York 09:00 (-4)
2. Wed 28 Oct 2026, 15:00-16:00 UTC
   India 20:30 (+5:30) | Berlin 16:00 (+1) | New York 11:00 (-4)
3. Mon 2 Nov 2026, 14:00-15:00 UTC
   India 19:30 (+5:30) | Berlin 15:00 (+1) | New York 09:00 (-5)
```

ಮೊದಲ ಸಾಲನ್ನೂ ಮೂರನೆಯದನ್ನೂ ಹೋಲಿಸಿ ನೋಡಿ. ನ್ಯೂಯಾರ್ಕಿನವರಿಗೆ ಎರಡೂ ಬೆಳಿಗ್ಗೆ ಒಂಬತ್ತೇ. ನಮಗೆ ಒಂದು ಆರೂವರೆ, ಇನ್ನೊಂದು ಏಳೂವರೆ. ಆ ಒಂದು ತಾಸನ್ನು ಹೇಳುತ್ತಿರುವುದು -4, -5 ಎಂಬ ಅಂಕಿಗಳು ಮಾತ್ರ. ಮೂರೂ ನಮ್ಮಲ್ಲಿ ಅರ್ಧ ಗಂಟೆಗೆ ಶುರುವಾಗುವುದೂ ಆಕಸ್ಮಿಕವಲ್ಲ. ನಾವು ಏಳು ಗಂಟೆ ಎಂದರೆ ಅವರ ಕ್ಯಾಲೆಂಡರಿನಲ್ಲಿ ಎಂಟೂವರೆಯೋ ಒಂಬತ್ತೂವರೆಯೋ ಆಗಿ ಎರಡು ಮೀಟಿಂಗ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆ ಅರ್ಧ ತಾಸನ್ನು ನಾವೇ ನುಂಗಿಕೊಂಡರೆ ಅವರಿಗೆ ಪೂರ್ಣ ಗಂಟೆ ಸಿಗುತ್ತದೆ. ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 2/11 ಎಂದರೆ ನಮಗೆ ನವೆಂಬರ್ ಎರಡು, ಅಮೆರಿಕದವರಿಗೆ ಫೆಬ್ರುವರಿ ಹನ್ನೊಂದು.

ಮೂರಕ್ಕಿಂತ ಹೆಚ್ಚು ಸಮಯ ಕೊಡಬೇಕಿಲ್ಲ ಎಂದೇ ನನ್ನ ಅನಿಸಿಕೆ. ಹತ್ತು ಕೊಟ್ಟರೆ ಉತ್ತರ ಬರುವವರೆಗೆ ಹತ್ತನ್ನೂ ಖಾಲಿ ಇಟ್ಟುಕೊಂಡಿರಬೇಕಾಗುತ್ತದೆ.

ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ಅಕ್ಟೋಬರ್ 30ರ ಶುಕ್ರವಾರ ಅಲ್ಲಿನ ಮಧ್ಯಾಹ್ನ ಹನ್ನೆರಡು, UTC-7, ಅಂದರೆ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ. ಊರಲ್ಲಿ ಅದನ್ನು ಶುಕ್ರವಾರ ರಾತ್ರಿ ಹನ್ನೆರಡೂವರೆ ಎಂದೇ ಹೇಳುತ್ತೇವೆ. ಸೂರ್ಯ ಹುಟ್ಟುವವರೆಗೆ ನಮಗೆ ವಾರ ಬದಲಾಗುವುದಿಲ್ಲ. ಕ್ಯಾಲೆಂಡರಿಗೆ ಮಾತ್ರ ಆಗಲೇ ಶನಿವಾರ. “ಶುಕ್ರವಾರ 00:30” ಎಂದು ಬರೆದುಬಿಟ್ಟರೆ ಅಲ್ಲಿನವರ ಪಾಲಿಗೆ ಅದು ಗುರುವಾರ ಮಧ್ಯಾಹ್ನ. “ಶನಿವಾರ 31 ಅಕ್ಟೋಬರ್ 00:30 ಭಾರತ, ಶುಕ್ರವಾರ 30 ಅಕ್ಟೋಬರ್ 12:00 ಸ್ಯಾನ್ ಫ್ರಾನ್ಸಿಸ್ಕೋ” ಎಂದು ಎರಡೂ ಕಡೆ ವಾರ, ತಾರೀಕು ಸಮೇತ ಬರೆಯುವುದೇ ಕ್ಷೇಮ.

ಸಮಯ ಸೂಚಿಸಿದ ಮೇಲೆ ಖಚಿತಪಡಿಸಿ ಎಂದು ಕೇಳುವ ಸಾಲು. “ದಯವಿಟ್ಟು ತಿಳಿಸಿ” ಎಂದಷ್ಟೇ ಬರೆದರೆ “ಸೋಮವಾರ ಆಗಬಹುದು” ಎಂಬ ಉತ್ತರ ಬರುತ್ತದೆ. ಏನನ್ನು, ಯಾವಾಗಿನೊಳಗೆ ಖಚಿತಪಡಿಸಬೇಕು ಎಂಬುದನ್ನೂ ಹೇಳಬೇಕು: “ಮೂರರಲ್ಲಿ ಒಂದನ್ನು ಆರಿಸಿ, ಅದರ ಸಂಖ್ಯೆ ಮತ್ತು UTC ಸಮಯವನ್ನು ಉತ್ತರದಲ್ಲಿ ಬರೆಯಿರಿ. ಅಕ್ಟೋಬರ್ 23ರ ಶುಕ್ರವಾರ ನ್ಯೂಯಾರ್ಕ್ ಸಮಯ 17:00, UTC-4, ರವರೆಗೆ ಮೂರನ್ನೂ ಕಾಯ್ದಿರಿಸಿರುತ್ತೇನೆ. ಕ್ಯಾಲೆಂಡರ್ ಆಹ್ವಾನವನ್ನು, ವಿಡಿಯೊ ಲಿಂಕನ್ನು ನೀವು ಕಳಿಸುವಿರೋ, ನಾನು ಕಳಿಸಲೋ?” ಗಡುವನ್ನು ಅವರ ಗಡಿಯಾರದಲ್ಲಿ ಕೊಟ್ಟದ್ದು ಗಮನಿಸಿ. ಅದು ನಮಗೆ ಶನಿವಾರ ನಸುಕಿನ ಎರಡೂವರೆ. ಬೆಳಿಗ್ಗೆ ಎದ್ದು ನೋಡಿದರಾಯಿತು.

UTC ಸಮಯವನ್ನು ಅವರ ಕೈಯಿಂದಲೇ ಬರೆಸುವುದರ ಲಾಭ ಕಾಣುವುದು ಲೆಕ್ಕ ತಪ್ಪಿದಾಗ. ಎಚ್.ಆರ್. ಮೂರನೆಯದನ್ನು ಒಪ್ಪಿ, ನಮ್ಮ ಏಳೂವರೆಯಿಂದ ಹಳೆಯ ಒಂಬತ್ತೂವರೆ ತಾಸನ್ನೇ ಕಳೆದು, “ಸೋಮವಾರ ಬೆಳಿಗ್ಗೆ 10, ನ್ಯೂಯಾರ್ಕ್” ಎಂದು ಆಹ್ವಾನ ಕಳಿಸಿದರು ಎನ್ನಿ. ಆ ದಿನ ನ್ಯೂಯಾರ್ಕಿನ ಹತ್ತು ಗಂಟೆಯೆಂದರೆ 15:00 UTC. ಧಾರವಾಡದ ಫೋನಿನಲ್ಲಿ ಅದೇ ಆಹ್ವಾನ ಏಳೂವರೆಗಲ್ಲ, ರಾತ್ರಿ ಎಂಟೂವರೆಗೆ ಕೂತಿರುತ್ತದೆ. ಕ್ಯಾಲೆಂಡರ್ ತಪ್ಪು ಮಾಡಿಲ್ಲ, ಅದಕ್ಕೆ ಕೊಟ್ಟ ಅಂಕಿ ತಪ್ಪು. ಈ ಒಂದು ತಾಸಿನ ವ್ಯತ್ಯಾಸ ಕಂಡಾಗ ಆಹ್ವಾನವನ್ನೇ ನಂಬಿ ಒಪ್ಪಿಗೆ ಒತ್ತುವುದೂ ಬೇಡ, ಮೇಲನ್ನೇ ನಂಬಿ ಏಳೂವರೆಗೆ ಕಾದು ಕೂರುವುದೂ ಬೇಡ. ಅವರು ಬೇಕೆಂದೇ ಹತ್ತಕ್ಕೆ ಹಾಕಿರಲೂಬಹುದು. ಎರಡೇ ಸಾಲು ಸಾಕು: “ನಾನು ಸೂಚಿಸಿದ್ದು 14:00 UTC, ಆಹ್ವಾನದಲ್ಲಿ 15:00 UTC ಇದೆ. ನನಗೆ ಎರಡೂ ಆಗುತ್ತದೆ, ಯಾವುದನ್ನು ಇಟ್ಟುಕೊಳ್ಳೋಣ?” ಈ ಮೇಲ್ ಬರ್ಲಿನ್‌ನವರಿಗೂ ಹೋಗಲಿ. ಅವರಿಗೆ ಮಧ್ಯಾಹ್ನ ಮೂರಕ್ಕಿದ್ದದ್ದು ನಾಲ್ಕಕ್ಕೆ ಜರುಗಿದೆ ಎಂಬುದನ್ನು ಅಷ್ಟರವರೆಗೆ ಯಾರೂ ಅವರಿಗೆ ಹೇಳಿರುವುದಿಲ್ಲ.