ಲಬ್–ಡಬ್ ನಡುವಿನ ಗೊಣಗು

ವೈದ್ಯಕೀಯ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆ ಆಗಾಗ ಎದುರಾಗುತ್ತದೆ. ರೋಗಿಗೆ 72 ವರ್ಷ. ಮೆಟ್ಟಿಲು ಹತ್ತುವಾಗ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ. ಎದೆಮೂಳೆಯ ಬಲಕ್ಕೆ, ಎರಡನೇ ಮತ್ತು ಮೂರನೇ ಪಕ್ಕೆಲುಬುಗಳ ಸಂದಿಯಲ್ಲಿ ಒರಟು ಮರ್ಮರ್ ಕೇಳಿಸುತ್ತದೆ, ಅದು ಕತ್ತಿನವರೆಗೂ ಹರಡಿದೆ. ಹೃದಯದ ತುದಿ ಮಿಡಿಯುವ ಕಡೆಯೂ ಒಂದು ಸದ್ದಿದೆ. ಆದರೆ ಅಲ್ಲಿ ಅದು ಒರಟಲ್ಲ, ಇಂಪಾಗಿದೆ. ಕೆಟ್ಟಿರುವ ಕವಾಟ ಯಾವುದು? ಒಂದೋ, ಎರಡೋ?

ಮೊದಲು ನೋಡಬೇಕಾದದ್ದು ಜಾಗವನ್ನಲ್ಲ, ಹೊತ್ತನ್ನು. ಸ್ಟೆತೊಸ್ಕೋಪ್ ಎದೆಯ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ಕತ್ತಿನ ನಾಡಿಯ ಮೇಲಿಡಬೇಕು. ನಾಡಿ ಮಿಡಿಯುವಾಗಲೇ ಸದ್ದು ಬಂದರೆ ಅದು ಸಿಸ್ಟೋಲಿಕ್, ಅಂದರೆ ಹೃದಯ ಹಿಂಡಿಕೊಳ್ಳುವ ಹೊತ್ತಿನದು. ಆಗ ರಕ್ತ ಹೊರಹೋಗುವ ಅಯೋರ್ಟಿಕ್ ಮತ್ತು ಪಲ್ಮನರಿ ಕವಾಟಗಳು ತೆರೆದಿರಬೇಕು, ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಮುಚ್ಚಿರಬೇಕು. ಆದ್ದರಿಂದ ಈ ಹೊತ್ತಿನ ಸದ್ದಿಗೆ ಮುಖ್ಯವಾಗಿ ಎರಡೇ ಕಾರಣ: ತೆರೆಯಬೇಕಾದದ್ದು ಕಿರಿದಾಗಿದೆ, ಇಲ್ಲವೇ ಮುಚ್ಚಬೇಕಾದದ್ದು ಸೋರುತ್ತಿದೆ.

ಜಾಗದ ಸರದಿ ಆಮೇಲೆ. ಅಯೋರ್ಟಿಕ್ ಕವಾಟ ಕಿರಿದಾದಾಗ ಸದ್ದು ಎದೆಮೂಳೆಯ ಬಲ ಮೇಲ್ಭಾಗದಲ್ಲಿ ಜೋರಾಗಿದ್ದು, ರಕ್ತ ಹರಿಯುವ ದಿಕ್ಕಿನಲ್ಲೇ ಕತ್ತಿಗೆ ಸಾಗುತ್ತದೆ. ಮೈಟ್ರಲ್ ಸೋರಿದರೆ ಸದ್ದು ಹೃದಯದ ತುದಿಯಲ್ಲಿ ಜೋರು, ಅಲ್ಲಿಂದ ಸಾಮಾನ್ಯವಾಗಿ ಎಡ ಕಂಕುಳಿನತ್ತ ಹರಡುತ್ತದೆ.

ವಿದ್ಯಾರ್ಥಿಗಳು ಎಡವುವುದು ಆ ಇಂಪಾದ ಸದ್ದಿನಲ್ಲಿ. ‘ತುದಿಯಲ್ಲಿ ಸದ್ದಿದೆ, ಹಾಗಾದರೆ ಮೈಟ್ರಲ್ ಕೂಡ ಸೋರುತ್ತಿದೆ’ ಎಂದು ಉತ್ತರಿಸಿಬಿಡುತ್ತಾರೆ. ವಯಸ್ಸಾದವರಲ್ಲಿ ಸುಣ್ಣ ಕಟ್ಟಿ ಗಡುಸಾದ ಅಯೋರ್ಟಿಕ್ ಕವಾಟದ ಸದ್ದಿನಲ್ಲಿ ಏರುದನಿಯ ಭಾಗ ತುದಿಯಲ್ಲೂ ಕೇಳಿಸಬಹುದು. ಇದಕ್ಕೆ ಗ್ಯಾಲವಾರ್ಡಿನ್ ಪರಿಣಾಮ ಎಂದು ಹೆಸರು. ಎರಡನ್ನೂ ಬೇರ್ಪಡಿಸಲು ಒಂದು ದಾರಿಯುಂದು: ಮಿಡಿತ ತಪ್ಪಿ ದೀರ್ಘ ವಿರಾಮ ಬಂದಾಗ, ಮುಂದಿನ ಮಿಡಿತವನ್ನು ಗಮನಿಸುವುದು. ವಿರಾಮದಲ್ಲಿ ಹೃದಯ ಹೆಚ್ಚು ತುಂಬಿಕೊಂಡಿರುವುದರಿಂದ ಕಿರಿದಾದ ಅಯೋರ್ಟಿಕ್ ಕವಾಟದ ಸದ್ದು ಜೋರಾಗುತ್ತದೆ. ಮೈಟ್ರಲ್ ಸೋರಿಕೆಯ ಸದ್ದು ಹೆಚ್ಚೇನೂ ಬದಲಾಗುವುದಿಲ್ಲ. ನಮ್ಮ ರೋಗಿಯಲ್ಲಿ ವಿರಾಮದ ನಂತರ ಎರಡೂ ಕಡೆ ಸದ್ದು ಏರಿತು, ಕಂಕುಳಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಪ್ರಶ್ನೆ ಹೇಳಿದರೆ, ಉತ್ತರ ಒಂದೇ ಕವಾಟ: ಅಯೋರ್ಟಿಕ್ ಸ್ಟೆನೋಸಿಸ್.

ಆದರೆ ಸದ್ದು ಜೋರಾಗಿದೆ ಎಂದಮಾತ್ರಕ್ಕೆ ಕಾಯಿಲೆ ತೀವ್ರ ಎನ್ನುವಂತಿಲ್ಲ. ಹೃದಯ ಸೋತು ರಕ್ತ ದೂಡುವ ಬಲ ಕುಂದಿದಾಗ, ತುಂಬ ಕಿರಿದಾದ ಕವಾಟವೂ ಮೆಲ್ಲಗೆ ಗೊಣಗುತ್ತದೆ. ಆಗ ನಾಡಿ ನಿಧಾನವಾಗಿ ಏರುವುದು, ‘ಡಬ್’ ಸದ್ದು ಕ್ಷೀಣಿಸುವುದು ಹೆಚ್ಚು ಉಪಯುಕ್ತ ಸುಳಿವು. ಖಚಿತವಾಗಿ ತಿಳಿಯಲು ಎಕೋ ಪರೀಕ್ಷೆ ಬೇಕು. ಸಾಮಾನ್ಯವಾಗಿ 3ರಿಂದ 4 ಚದರ ಸೆಂಟಿಮೀಟರ್ ಇರುವ ಕವಾಟದ ಬಾಯಿ 1ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಅದನ್ನು ತೀವ್ರ ಎಂದು ಪರಿಗಣಿಸುತ್ತಾರೆ.

ಇದೇ ಪ್ರಶ್ನೆಯಲ್ಲಿ ಹೊತ್ತನ್ನಷ್ಟೇ ಬದಲಿಸಿದರೆ ಉತ್ತರವೂ ಬದಲು. ತುದಿಯಲ್ಲಿ ‘ಡಬ್’ ಆದಮೇಲೆ ತಗ್ಗು ದನಿಯ ಗುಡುಗು ಕೇಳಿದರೆ, ಆಗ ತೆರೆದಿರಬೇಕಾದದ್ದು ಮೈಟ್ರಲ್. ಕಿರಿದಾಗಿರುವುದೂ ಹೆಚ್ಚಾಗಿ ಅದೇ.