ಅವ್ವನ ಸಂಘದ ಸಾಲ: ಬಡ್ಡಿ ನಿಜವಾಗಿ ಎಷ್ಟು?

ಕಲಘಟಗಿ ಕಡೆಯ ಹಳ್ಳಿಯಿಂದ ಅವ್ವ ಫೋನ್ ಮಾಡಿ, ‘ಮೈಕ್ರೋಫೈನಾನ್ಸ್‌ನವ್ರು ನಲವತ್ತು ಸಾವಿರ ಕೊಡ್ತಾರಂತ, ಬಡ್ಡಿ ಬರೀ ಹದಿಮೂರೂವರೆ’ ಅಂದರೆ ಹೂಂ ಅನ್ನುವ ಮೊದಲು ಲೆಕ್ಕ ಹಾಕಿ.

ತಿಂಗಳಿಗೆ ರೂ. 2,115ರಂತೆ 24 ಕಂತು ಅಂದುಕೊಳ್ಳಿ. ಒಟ್ಟು ರೂ. 50,760 ಆಯಿತು, ಬಡ್ಡಿ ರೂ. 10,760. ಇದನ್ನು ಪೂರಾ ನಲವತ್ತು ಸಾವಿರದ ಮೇಲೆ ಹಂಚಿದರೆ ವರ್ಷಕ್ಕೆ ಹದಿಮೂರೂವರೆ ಅನಿಸುತ್ತದೆ. ಆದರೆ ಅಸಲು ಪ್ರತಿ ತಿಂಗಳೂ ಇಳಿಯುತ್ತಲ್ಲ? ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ಶೇ. 24. ಶುಲ್ಕ, ವಿಮೆ ಅಂತ ಸಾವಿರ ಮುರಿದು 39,000 ಕೈಗಿಟ್ಟರೆ ಶೇ. 27ರ ಹತ್ತಿರ.

ಇನ್ನೊಂದು ತೊಡಕು ಗುಂಪು ಹೊಣೆ. ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹಾಗಾಗಿ ವಸೂಲಿಗೆ ನಿಲ್ಲುವವರು ಅಕ್ಕಪಕ್ಕದ ಮನೆಯವರೇ. ಬಲವಂತದ ವಸೂಲಿ ತಡೆಯಲು ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು; ಆದರೆ ನೆರೆಮನೆಯ ಮುನಿಸಿಗೆ ಕಾನೂನಿಲ್ಲ.

ಮಹಿಳಾ ಸ್ವಸಹಾಯ ಸಂಘಕ್ಕೆ ಎನ್‌ಆರ್‌ಎಲ್‌ಎಂ ಯೋಜನೆಯಡಿ ಬ್ಯಾಂಕು 3 ಲಕ್ಷದವರೆಗೆ ಶೇ. 7ರಲ್ಲಿ ಕೊಡುತ್ತದೆ. ಅದೇ ನಲವತ್ತು ಸಾವಿರಕ್ಕೆ ಎರಡು ವರ್ಷದ ಬಡ್ಡಿ ಸುಮಾರು ರೂ. 3,000. ಸಂಘ ಸದಸ್ಯೆಗೆ ತುಸು ಹೆಚ್ಚು ಹಾಕಿದರೂ ಆ ಹಣ ಸಂಘದಲ್ಲೇ ಉಳಿಯುತ್ತದೆ. ಆದರೆ ಇಲ್ಲಿ ಉಳಿತಾಯ, ಸಭೆ, ಪುಸ್ತಕ ಸರಿಯಿರಬೇಕು, ತಿಂಗಳುಗಟ್ಟಲೆ ಕಾಯಬೇಕು. ನಾಳೆಯೇ ಆಸ್ಪತ್ರೆಗೆ ದುಡ್ಡು ಬೇಕಾದವರು ಮೈಕ್ರೋಫೈನಾನ್ಸ್‌ಗೆ ಹೋಗುವುದು ಅದಕ್ಕೇ.

ಹೋದರೂ, ಸಹಿಗೆ ಮುನ್ನ ಫ್ಯಾಕ್ಟ್‌ಶೀಟ್ ಕೇಳಿ ಪಡೆಯಲಿ. ಆರ್‌ಬಿಐ ನಿಯಮದಂತೆ ಶುಲ್ಕವೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದರ ಫೋಟೊ ವಾಟ್ಸಾಪ್‌ಗೆ ತರಿಸಿಕೊಂಡು ನೀವೇ ಓದಿ ಹೇಳಿ.