ಮಾತು ಸರಿ, ಅರ್ಥ ಎಲ್ಲಿ?

ಅಸಂಗತ ನಾಟಕವೆಂದರೆ ಅರ್ಥವಿಲ್ಲದ ಮಾತುಗಳ ನಾಟಕ ಎಂದು ಪದವಿ ವಿದ್ಯಾರ್ಥಿಗಳು ಟಿಪ್ಪಣಿ ಬರೆದುಕೊಳ್ಳುತ್ತಾರೆ. ಹಾಗಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಬರೆದರೆ ನಾಟಕವಾದೀತೇ? ಆಗದು. ಏಕೆ ಎಂಬುದಕ್ಕೆ ಯುಜೀನ್ ಅಯೊನೆಸ್ಕೋ ಫ್ರೆಂಚಿನಲ್ಲಿ ಬರೆದ ‘ಬೋಳುತಲೆಯ ಗಾಯಕಿ’ ಎಂಬ ಏಕಾಂಕದಲ್ಲಿ ಉತ್ತರವಿದೆ. ಅದರ ಮೊದಲ ಪ್ರದರ್ಶನ ನಡೆದದ್ದು 1950ರ ಮೇ 11ರಂದು, ಪ್ಯಾರಿಸ್ಸಿನಲ್ಲಿ.

ಅಯೊನೆಸ್ಕೋ ಇಂಗ್ಲಿಷ್ ಕಲಿಯಲು ಒಂದು ಸ್ವಬೋಧಿನಿ ಹಿಡಿದಿದ್ದರು. ಅದರಲ್ಲಿ ಹೆಂಡತಿಯೊಬ್ಬಳು ತಾವು ಲಂಡನ್ನಿನ ಹತ್ತಿರ ಇದ್ದೇವೆ, ತಮ್ಮ ಹೆಸರು ಸ್ಮಿತ್ ಎಂದು ಗಂಡನಿಗೇ ವಿವರಿಸುತ್ತಾಳೆ. ಅದರಲ್ಲಿ ವ್ಯಾಕರಣದ ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ಅವನಿಗೆ ಅದನ್ನು ಹೇಳಬೇಕಾದ ಅಗತ್ಯವೇ ಇಲ್ಲ. ನಾಟಕ ಹುಟ್ಟಿದ್ದು ಇಲ್ಲಿಂದ.

ಇದರಲ್ಲಿ ಮಾರ್ಟಿನ್ ದಂಪತಿಯ ದೃಶ್ಯವನ್ನು ತರಗತಿಯಲ್ಲಿ ಓದಿಸಬೇಕು. ಇಬ್ಬರೂ ಅಪರಿಚಿತರಂತೆ ಎದುರುಬದುರು ಕೂತಿರುತ್ತಾರೆ. ಎಲ್ಲೋ ನೋಡಿದ ಹಾಗಿದೆ ಎಂದು ಮಾತು ತೆಗೆಯುತ್ತಾರೆ. ಇಬ್ಬರ ಊರೂ ಮ್ಯಾಂಚೆಸ್ಟರ್. ಬಂದದ್ದು ಒಂದೇ ರೈಲಿನಲ್ಲಿ, ಒಂದೇ ಡಬ್ಬಿಯಲ್ಲಿ. ಇರುವುದು ಒಂದೇ ಬೀದಿ, ಒಂದೇ ಮನೆ. ಮಲಗುವ ಹಾಸಿಗೆಯೂ ಒಂದೇ. ಇಬ್ಬರಿಗೂ ಆಲಿಸ್ ಎಂಬ ಎರಡು ವರ್ಷದ ಮಗಳು, ಅವಳ ಒಂದು ಕಣ್ಣು ಬಿಳಿ, ಇನ್ನೊಂದು ಕೆಂಪು. ಪ್ರತಿ ಸಾಮ್ಯಕ್ಕೂ ಇಬ್ಬರಿಗೂ ಅಚ್ಚರಿ. ಕಡೆಗೆ, ತಾವು ಗಂಡಹೆಂಡಿರೇ ಇರಬೇಕು ಎಂಬ ತೀರ್ಮಾನಕ್ಕೆ ಬರುತ್ತಾರೆ.

ಅಷ್ಟರಲ್ಲಿ ಕೆಲಸದಾಕೆ ಮೇರಿ ಬಂದು ಪ್ರೇಕ್ಷಕರಿಗೆ ಒಂದು ಗುಟ್ಟು ಹೇಳುತ್ತಾಳೆ. ಅವನ ಮಗಳಿಗೆ ಬಲಗಣ್ಣು ಬಿಳಿ, ಇವಳ ಮಗಳಿಗೆ ಎಡಗಣ್ಣು ಬಿಳಿ. ಅಂದಮೇಲೆ ಮಗು ಬೇರೆ, ದಂಪತಿಯೂ ಬೇರೆ! ಇಲ್ಲಿ ತರ್ಕ ಎಲ್ಲೂ ಮುರಿದಿಲ್ಲ. ಅಡಿಯಿಂದ ಮುಡಿಯವರೆಗೆ ಅಚ್ಚುಕಟ್ಟಾಗಿದೆ. ಆದರೆ ಅಷ್ಟು ತರ್ಕ ಮಾಡಿದರೂ ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಿಗೆ ಒಬ್ಬರನ್ನೊಬ್ಬರು ಗುರುತಿಸಲಾಗಲಿಲ್ಲ. ಅಸಂಗತ ಇರುವುದು ವಾಕ್ಯದೊಳಗಲ್ಲ, ವಾಕ್ಯಕ್ಕೂ ಅದನ್ನಾಡುವವರ ಬದುಕಿಗೂ ನಡುವೆ.

ಕೊನೆಗೆ ಎರಡೂ ದಂಪತಿಗಳ ಮಾತು ಗಾದೆಗಳ ಚೂರಾಗಿ, ಬರೀ ಅಕ್ಷರಗಳ ಕಿರುಚಾಟವಾಗಿ ಒಡೆಯುತ್ತದೆ. ಮತ್ತೆ ದೀಪ ಹತ್ತಿದಾಗ ಸ್ಮಿತ್ ದಂಪತಿಯ ಜಾಗದಲ್ಲಿ ಮಾರ್ಟಿನ್ ದಂಪತಿ ಕೂತು ಅವೇ ಮಾತುಗಳನ್ನು ಶುರುಮಾಡುತ್ತಾರೆ. ಯಾರು ಆಡಿದರೂ ನಡೆಯುವ ಮಾತದು.

ಕಾಲೇಜು ಪ್ರಯೋಗಗಳು ಸಾಮಾನ್ಯವಾಗಿ ಎಡವುವುದು ನಗಿಸುವ ಆಸೆಯಿಂದ. ನಟ ಕಣ್ಣು ಹೊಡೆದು ‘ಇದು ತಮಾಷೆ’ ಎಂದು ಸೂಚಿಸಿದರೆ ನಾಟಕ ಬರೀ ಪ್ರಹಸನವಾಗುತ್ತದೆ. ಮಾರ್ಟಿನ್ ಪಾತ್ರಧಾರಿ ಸಾಕ್ಷಿ ಹೇಳುವಷ್ಟು ಗಂಭೀರವಾಗಿ ಮಾತಾಡಬೇಕು. ಆಗ ನಗುವೂ ಬರುತ್ತದೆ, ದಿಗಿಲೂ ಹುಟ್ಟುತ್ತದೆ.

ಕನ್ನಡದಲ್ಲೂ ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಮುಂತಾದ ಅಸಂಗತ ನಾಟಕಗಳಿವೆ. ಅವನ್ನು ಓದುವಾಗಲೂ ‘ಇದರ ಅರ್ಥವೇನು’ ಎಂದು ಕೇಳುವ ಮೊದಲು ‘ಈ ಮಾತನ್ನು ಇವನು ಇವಳಿಗೆ ಯಾಕೆ ಹೇಳುತ್ತಿದ್ದಾನೆ’ ಎಂದು ಕೇಳಿ ನೋಡಿ.